ಮನೆಯಲ್ಲಿ ಹೆಚ್ಚು ಕರೆಂಟ್ ಎಳೆಯುವ ಉಪಕರಣ ಯಾವುದು? ಕ್ಲ್ಯಾಂಪ್ ಮೀಟರಿನಿಂದ ಪತ್ತೆ ಮಾಡುವ ಬಗೆ

ತಂತಿಯನ್ನು ದವಡೆಯೊಳಗೆ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಮನೆಗೆ ತಂದ ದಿನ ಬಹಳಷ್ಟು ಜನ ಮಾಡುವುದು ಒಂದೇ ಕೆಲಸ. ಇಸ್ತ್ರಿಪೆಟ್ಟಿಗೆ ಹಾಕಿ, ಅದರ ವೈರನ್ನು ಮೀಟರಿನ ಬಾಯಿಯೊಳಗೆ ಹಿಡಿದು, ಪರದೆ ನೋಡುತ್ತಾರೆ. ಪೆಟ್ಟಿಗೆ ಕೈ ಸುಡುವಷ್ಟು ಬಿಸಿಯಾಗಿದ್ದರೂ ಪರದೆಯ ಮೇಲೆ 0.00. ನಾನು ಬ್ಯಾಟರಿ ಬದಲಾಯಿಸಿ ನೋಡಿದೆ, ಗುಂಡಿ ತಿರುಗಿಸಿ ನೋಡಿದೆ, ಕೊನೆಗೆ ಹಾಳಾದ ಮೀಟರ್ ಕೊಟ್ಟಿದ್ದಾರೆಂದು ಡಬ್ಬಿಗೆ ತುಂಬಿ ಹಿಂದಿರುಗಿಸಲು ಹೊರಟಿದ್ದೆ. ಮೀಟರ್ ಸರಿಯಾಗಿಯೇ ಇತ್ತು. ನಾನು ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತ್ತು.

ತಂತಿಯಲ್ಲಿ ಕರೆಂಟ್ ಹರಿಯುವಾಗ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಮೀಟರಿನ ದವಡೆಯೊಳಗೆ ಕಬ್ಬಿಣದ ತಿರುಳಿದೆ, ಅದಕ್ಕೆ ಸುತ್ತಿದ ಸುರುಳಿಯಿದೆ. ದವಡೆ ಮುಚ್ಚಿದಾಗ ಆ ತಿರುಳು ತಂತಿಯ ಸುತ್ತ ಪೂರ್ತಿ ಉಂಗುರವಾಗುತ್ತದೆ, ಅದರಲ್ಲಿ ಏರಿಳಿಯುವ ಕಾಂತಕ್ಷೇತ್ರವನ್ನು ಮೀಟರ್ ಆಂಪಿಯರಿನ ಲೆಕ್ಕಕ್ಕೆ ತಿರುಗಿಸುತ್ತದೆ. ತಂತಿ ಕತ್ತರಿಸಬೇಕಿಲ್ಲ, ಮುಟ್ಟಬೇಕಿಲ್ಲ. ಆದರೆ ಇಸ್ತ್ರಿಪೆಟ್ಟಿಗೆಯ ವೈರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಹೊದಿಕೆಯೊಳಗೆ ಇವೆ. ಒಂದರಲ್ಲಿ ಹೋದಷ್ಟೇ ಕರೆಂಟ್ ಇನ್ನೊಂದರಲ್ಲಿ ಮರಳುತ್ತದೆ. ಎರಡರ ಕಾಂತಕ್ಷೇತ್ರಗಳೂ ಒಂದನ್ನೊಂದು ಅಳಿಸಿಹಾಕುತ್ತವೆ, ಮೀಟರಿಗೆ ಕಾಣುವುದು ಸೊನ್ನೆ. ಹಾಗಾಗಿ ದವಡೆಯೊಳಗೆ ಒಂದೇ ತಂತಿ ಇರಬೇಕು. ಫೇಸ್ ಆದರೂ ಆಗಬಹುದು, ನ್ಯೂಟ್ರಲ್ ಆದರೂ ಆಗಬಹುದು, ಉತ್ತರ ಒಂದೇ. ಅರ್ತ್ ತಂತಿಯನ್ನು ಹಿಡಿದರೆ ಪ್ರಯೋಜನವಿಲ್ಲ.

ಮನೆಯಲ್ಲಿ ಒಂಟಿ ತಂತಿ ಸಿಗುವ ಜಾಗಗಳು ಎರಡೇ. ಒಂದನ್ನು ನಾವೇ ಮಾಡಿಕೊಳ್ಳಬೇಕು, ಇನ್ನೊಂದು ಮೇನ್ ಬೋರ್ಡಿನ ಬಳಿ ಇದೆ.

ಪ್ಲಗ್ ಹಾಕುವ ಉಪಕರಣಗಳಿಗೆ: ಬಿಡಿಸಿದ ವೈರಿನ ಎಕ್ಸ್‌ಟೆನ್ಷನ್

ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಇಟ್ಟು ಅಳೆಯಲೆಂದೇ ಮಾಡಿದ ಲೈನ್ ಸ್ಪ್ಲಿಟರ್ ಎಂಬ ಸಾಧನ ಸಿಗುತ್ತದೆ. ಅದರಲ್ಲಿ ದವಡೆ ತೂರಿಸಲು ಕಿಂಡಿಗಳಿರುತ್ತವೆ. ಅನೇಕ ಸ್ಪ್ಲಿಟರುಗಳಲ್ಲಿ ಎರಡು ಕಿಂಡಿಗಳು: ಒಂದರಲ್ಲಿ ನಿಜವಾದ ಕರೆಂಟ್ ಬರುತ್ತದೆ, ಇನ್ನೊಂದರಲ್ಲಿ ಹತ್ತು ಪಟ್ಟು ಹೆಚ್ಚಾಗಿ ಕಾಣುತ್ತದೆ. ಹತ್ತು ಪಟ್ಟಿನ ಕಿಂಡಿ ಏಕೆ ಬೇಕೆಂದು ಮುಂದೆ ಹೇಳುತ್ತೇನೆ. ಸಿಕ್ಕರೆ ಇದನ್ನೇ ಕೊಳ್ಳಿ.

ಸಿಗದಿದ್ದರೆ 16 ಆಂಪಿಯರಿಗೆ ತಕ್ಕ ದಪ್ಪದ, ಮೂರು ತಂತಿಗಳ ಒಂದು ಗಿಡ್ಡ ಎಕ್ಸ್‌ಟೆನ್ಷನ್ ವೈರ್ ತೆಗೆದುಕೊಳ್ಳಿ. ಎರಡೂ ತುದಿಗಳು ಎಲ್ಲಿಗೂ ಜೋಡಣೆಯಾಗದೆ ನೆಲದ ಮೇಲಿರುವಾಗ, ಮಧ್ಯದಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಹೊರಹೊದಿಕೆಯನ್ನು ಮಾತ್ರ ಸೀಳಿ ತೆಗೆಯಿರಿ. ಒಳಗೆ ಮೂರು ಬಣ್ಣದ ತಂತಿಗಳು ಕಾಣುತ್ತವೆ. ಅವುಗಳ ಸ್ವಂತ ಹೊದಿಕೆಗೆ ಬ್ಲೇಡ್ ತಾಗಲೇಬಾರದು. ಬೆಳಕಿಗೆ ಹಿಡಿದು ಪ್ರತಿಯೊಂದನ್ನೂ ಬಾಗಿಸಿ ನೋಡಿ. ಒಂದು ಗೀರು ಕಂಡರೂ ಆ ವೈರನ್ನು ಬಿಟ್ಟುಬಿಡಿ. ಟೇಪು ಸುತ್ತಿ ಸಮಾಧಾನ ಮಾಡಿಕೊಳ್ಳಬೇಡಿ. ಸರಿಯಾಗಿದ್ದರೆ ಫೇಸ್ ತಂತಿಯನ್ನು ಸ್ವಲ್ಪ ಹೊರಕ್ಕೆ ಎಳೆದು ಸಣ್ಣ ಬಳೆಯಂತೆ ಮಾಡಿ, ಅಲ್ಲಿ ದವಡೆ ಹಾಕಿ. ಇದು ಅಳೆಯುವ ಸಾಮಾನು, ಅಳತೆ ಮುಗಿದ ಮೇಲೆ ಕಪಾಟಿನೊಳಗೆ ಹೋಗಬೇಕು. ನಿತ್ಯದ ಎಕ್ಸ್‌ಟೆನ್ಷನ್ ಆಗಿ ಯಾರೂ ಬಳಸದಂತೆ ಅದರ ಮೇಲೊಂದು ಚೀಟಿ ಅಂಟಿಸಿ. ಇಷ್ಟು ಕೆಲಸದಲ್ಲಿ ಕೈ ಅಳುಕಿದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸುವುದು ಒಳ್ಳೆಯದು.

ಹಿಡಿಯುವ ರೀತಿಯಲ್ಲೂ ಸ್ವಲ್ಪ ಎಚ್ಚರ ಬೇಕು. ತಂತಿ ದವಡೆಯ ಮಧ್ಯದಲ್ಲಿ, ಅದಕ್ಕೆ ನೇರವಾಗಿ ಹಾದುಹೋಗಬೇಕು. ಬಹಳಷ್ಟು ಮೀಟರುಗಳ ದವಡೆಯ ಮೇಲೆ ಮಧ್ಯಬಿಂದು ತೋರಿಸುವ ಗೆರೆಗಳಿರುತ್ತವೆ, ಅವು ಅಂದಕ್ಕಲ್ಲ. ದವಡೆಯ ತುದಿಗಳು ಪೂರ್ತಿ ಕೂಡಬೇಕು. ನಡುವೆ ದೂಳಿನ ಹರಳು ಸಿಕ್ಕಿಕೊಂಡರೂ ಕಬ್ಬಿಣದ ಉಂಗುರದಲ್ಲಿ ಬಿರುಕು ಬಿಟ್ಟಂತಾಗಿ ರೀಡಿಂಗ್ ಕಡಿಮೆ ಬರುತ್ತದೆ. ಒಮ್ಮೆ ತೆರೆದು ಮುಚ್ಚಿ ಮತ್ತೆ ಓದಿ. ಎರಡು ಸಲವೂ ಅದೇ ಅಂಕಿ ಬಂದರೆ ನಂಬಬಹುದು.

ಗೋಡೆಗೆ ಕೂತ ಉಪಕರಣಗಳಿಗೆ: ಮೇನ್ ತಂತಿಯಲ್ಲಿ ವ್ಯತ್ಯಾಸದ ಲೆಕ್ಕ

ಗೀಸರ್, ನೀರೆತ್ತುವ ಪಂಪ್, ಎ.ಸಿ. ಮುಂತಾದವುಗಳನ್ನು ಎಕ್ಸ್‌ಟೆನ್ಷನ್ನಿಗೆ ಎಳೆದು ತರಲಾಗುವುದಿಲ್ಲ. ಅವುಗಳಿಗೆ ಇನ್ನೊಂದು ದಾರಿ: ಮನೆಗೆ ಬರುವ ಮುಖ್ಯ ಫೇಸ್ ತಂತಿಗೆ ಮೀಟರ್ ತೊಡಿಸಿಟ್ಟು, ಒಂದೊಂದೇ ಉಪಕರಣವನ್ನು ಹಾಕಿ ಅಂಕಿ ಎಷ್ಟು ಏರಿತೆಂದು ನೋಡುವುದು. ನನಗೆ ಇದೇ ಹೆಚ್ಚು ಇಷ್ಟ. ಒಮ್ಮೆ ತೊಡಿಸಿದರೆ ಇಡೀ ಮನೆಯನ್ನು ಒಂದೇ ಜಾಗದಿಂದ ಅಳೆಯಬಹುದು.

ಮೊದಲು ವಿದ್ಯುತ್ ಮೀಟರಿನಿಂದ ಮೇನ್ ಸ್ವಿಚ್ಚಿಗೆ ಬರುವ ತಂತಿಗಳನ್ನು ಹೊರಗಿನಿಂದಲೇ ಗಮನಿಸಿ. ಕೆಲವು ಮನೆಗಳಲ್ಲಿ ಅವು ಒಂದೊಂದಾಗಿ, ಗಟ್ಟಿ ಹೊದಿಕೆಯೊಂದಿಗೆ ಕಣ್ಣೆದುರೇ ಇರುತ್ತವೆ. ಅಲ್ಲಿ ಏನನ್ನೂ ಬಿಚ್ಚದೆ ದವಡೆ ಹಾಕಬಹುದು. ಹಾಗಿಲ್ಲದೆ ತಂತಿ ಸಿಗಬೇಕಾದರೆ ಡಿಸ್ಟ್ರಿಬ್ಯೂಷನ್ ಬೋರ್ಡಿನ ಮುಚ್ಚಳ ತೆಗೆಯಲೇಬೇಕು ಎಂದಾದರೆ, ಆ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಮುಚ್ಚಳದ ಹಿಂದೆ ಬಸ್‌ಬಾರ್ ಎಂಬ ಹೊದಿಕೆಯಿಲ್ಲದ ಲೋಹದ ಪಟ್ಟಿಗಳೂ ಸ್ಕ್ರೂಗಳೂ ಇರುತ್ತವೆ. ಮೇನ್ ಸ್ವಿಚ್ ಆರಿಸಿದರೂ ಅದಕ್ಕೆ ಬರುವ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ, ಜನ ಮರೆಯುವುದು ಇದನ್ನೇ. ಅವರು ಬಂದು ಮೀಟರ್ ತೊಡಿಸಿಕೊಟ್ಟು ಪಕ್ಕದಲ್ಲೇ ನಿಂತಿದ್ದರೆ, ಸ್ವಿಚ್ಚುಗಳನ್ನು ಹಾಕಿ ತೆಗೆಯುವ ಕೆಲಸ ನೀವು ಮಾಡಬಹುದು. ಅರ್ಧ ಗಂಟೆಯ ಕೆಲಸ. ಬೋರ್ಡಿನ ಬಳಿ ಬಳಸುವ ಮೀಟರಿನ ಮೈಮೇಲೆ ಕ್ಯಾಟ್ 3, ವಿದ್ಯುತ್ ಮೀಟರಿನಿಂದ ಮೇನ್ ಸ್ವಿಚ್ಚಿಗೆ ಬರುವ ತಂತಿಗಳಿಗಾದರೆ ಕ್ಯಾಟ್ 4, ಎಂಬ ಸುರಕ್ಷತಾ ದರ್ಜೆಯ ಗುರುತೂ, ನಿಮ್ಮ ಮನೆಯ ವೋಲ್ಟೇಜಿಗಿಂತ ಹೆಚ್ಚಿನ ವೋಲ್ಟ್ ಅಂಕಿಯೂ ಇರಬೇಕು. ಪ್ಲಗ್ಗಿನ ತುದಿಯಲ್ಲಿ ಅಳೆಯುವುದಕ್ಕೆ ಕ್ಯಾಟ್ 2 ಸಾಕು.

ಮೂರು ಫೇಸಿನ ಸಂಪರ್ಕವಿದ್ದರೆ ಯಾವ ಕೋಣೆ ಯಾವ ಫೇಸಿನಲ್ಲಿದೆ ಎಂದು ಮೊದಲು ತಿಳಿಯಬೇಕು, ಇಲ್ಲವಾದರೆ ಗೀಸರ್ ಹಾಕಿದರೂ ಅಂಕಿ ಅಲುಗಾಡುವುದಿಲ್ಲ. ಮೂರನ್ನೂ ಒಂದೊಂದಾಗಿ ಅಳೆಯಿರಿ.

ಅಳೆಯುವ ಕ್ರಮ ಹೀಗಿರಲಿ. ಗುಂಡಿಯನ್ನು ಎ.ಸಿ. ಆಂಪಿಯರಿಗೆ, ಅಂದರೆ ಮನೆಗೆ ಬರುವ ಏರಿಳಿಯುವ ಕರೆಂಟಿನ ಅಳತೆಗೆ ತಿರುಗಿಸಿ; A ಅಕ್ಷರದ ಪಕ್ಕ ಅಲೆಯ ಗುರುತು ಇರುತ್ತದೆ. ಹಲವು ರೇಂಜುಗಳಿದ್ದರೆ, ಅಳೆಯುವ ಕರೆಂಟಿಗಿಂತ ದೊಡ್ಡದಾದ ರೇಂಜುಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಆರಿಸಿ. ಪರದೆಯಲ್ಲಿ OL ಎಂದು ಬಂದರೆ ರೇಂಜ್ ಸಾಲದು ಎಂದರ್ಥ. ಮನೆಯಲ್ಲಿ ತಾನಾಗಿ ಹತ್ತಿ ಆರುವ ಎಲ್ಲವನ್ನೂ, ಮುಖ್ಯವಾಗಿ ಫ್ರಿಜ್ಜನ್ನು, ಸ್ವಲ್ಪ ಹೊತ್ತು ಆರಿಸಿ. ಉಳಿದ ಚಿಲ್ಲರೆ ಕರೆಂಟನ್ನು ಬರೆದುಕೊಳ್ಳಿ. ಅದು ನಿಮ್ಮ ತಳದ ಅಂಕಿ. ಆಮೇಲೆ ಒಂದು ಉಪಕರಣ ಹಾಕಿ, ಅಂಕಿ ನಿಲ್ಲುವವರೆಗೆ ಕಾದು, ಬರೆದು, ಆರಿಸಿ. ಅಂಕಿ ತಳಕ್ಕೆ ಮರಳಿತೇ ಎಂದು ನೋಡಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಮರಳದಿದ್ದರೆ ನಡುವೆ ಬೇರೆ ಯಾವುದೋ ಹೊತ್ತಿಕೊಂಡಿದೆ, ಆ ಅಳತೆಯನ್ನು ಹೊಡೆದುಹಾಕಿ ಮತ್ತೆ ಮಾಡಿ.

ಒಂದು ಮನೆಯ ಲೆಕ್ಕ

ಪರಿಚಯದವರೊಬ್ಬರ ಹಳೆಯ ಸಣ್ಣ ಮನೆ. ಒಂದೇ ಫೇಸ್, 230 ವೋಲ್ಟ್, ಮೇನ್‌ನಲ್ಲಿ 16 ಆಂಪಿಯರಿನ ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಆರಿಹೋಗುವ ಸ್ವಿಚ್. ಕೆಲವು ಬೆಳಗುಗಳಲ್ಲಿ ಆ ಎಂಸಿಬಿ ಬಿದ್ದುಹೋಗುತ್ತಿತ್ತು, ಕೆಲವು ಬೆಳಗುಗಳಲ್ಲಿ ಏನೂ ಆಗುತ್ತಿರಲಿಲ್ಲ. ಮನೆಯವರ ಗುಮಾನಿ ಗೀಸರಿನ ಮೇಲೆ. ಗೀಸರ್ ಹಳೆಯದಾಗಿದೆ, ಬದಲಿಸೋಣ ಎಂದು ಒಬ್ಬರು. ಎಂಸಿಬಿಯನ್ನೇ 32 ಆಂಪಿಯರಿಗೆ ಏರಿಸೋಣ ಎಂದು ಇನ್ನೊಬ್ಬರು. ಎರಡನೆಯ ಸಲಹೆ ಕೇಳಿ ನನಗೆ ಗಾಬರಿಯಾಯಿತು. ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ತಂತಿಯ ದಪ್ಪ ಹಾಗೆಯೇ ಇದ್ದು ಎಂಸಿಬಿ ಮಾತ್ರ ದೊಡ್ಡದಾದರೆ, ಮುಂದೆ ಬೀಳುವುದು ಎಂಸಿಬಿಯಲ್ಲ, ಸುಡುವುದು ತಂತಿ.

ಎಲೆಕ್ಟ್ರಿಷಿಯನ್ ಬಂದು ಮೇನ್ ಫೇಸ್ ತಂತಿಗೆ ಮೀಟರ್ ತೊಡಿಸಿದರು. ಫ್ರಿಜ್ ಆರಿಸಿದಾಗ ತಳದ ಅಂಕಿ 0.2 ಆಂಪಿಯರ್. ಗೀಸರ್ ಹಾಕಿದಾಗ 8.8, ಅಂದರೆ ಗೀಸರಿನ ಪಾಲು 8.6. ಅದರ ಮೈಮೇಲೆ 2000 ವ್ಯಾಟ್ ಎಂದು ಬರೆದಿತ್ತು. 2000ವನ್ನು 230ರಿಂದ ಭಾಗಿಸಿದರೆ 8.7. ಪಾಪ, ಗೀಸರಿನ ತಪ್ಪೇನೂ ಇರಲಿಲ್ಲ. ಇಸ್ತ್ರಿಪೆಟ್ಟಿಗೆಯದು 4.3. ಫ್ರಿಜ್ ಓಡುವಾಗ 0.9. ವಾಷಿಂಗ್ ಮೆಷಿನ್ ಹಾಕಿದರೆ ನೀರು ತುಂಬುವಾಗ ಅಂಕಿ ಏರಲೇ ಇಲ್ಲ, ಡ್ರಮ್ ತಿರುಗತೊಡಗಿದಾಗ ಅರ್ಧ ಆಂಪಿಯರಿನ ಆಸುಪಾಸಿನಲ್ಲಿ ಏರಿಳಿಯಿತು. ಇದು ಸಣ್ಣದು ಎಂದು ಬರೆದುಕೊಂಡು ಮುಂದಿನದಕ್ಕೆ ಹೋಗುವವರಿದ್ದೆವು.

ಅಷ್ಟರಲ್ಲಿ ಮೀಟರಿನ ಮ್ಯಾಕ್ಸ್ ಗುಂಡಿ ನೆನಪಾಯಿತು. ಅದನ್ನು ಒತ್ತಿದರೆ ಅಲ್ಲಿಂದ ಮುಂದೆ ಬಂದ ಅತಿ ದೊಡ್ಡ ಅಂಕಿಯನ್ನು ಮೀಟರ್ ಹಿಡಿದಿಟ್ಟುಕೊಳ್ಳುತ್ತದೆ. ಮೆಷಿನ್ನನ್ನು ನಿಲ್ಲಿಸದೆ ಹಾಗೆಯೇ ಬಿಟ್ಟೆವು. ಕೆಲವು ನಿಮಿಷಗಳ ನಂತರ ಬಂದು ನೋಡಿದರೆ ಪರದೆಯಲ್ಲಿ 9.5. ತಳದ 0.2 ಕಳೆದರೆ 9.3 ಆಂಪಿಯರ್. ಗೀಸರಿಗಿಂತಲೂ ಹೆಚ್ಚು. ಮೆಷಿನ್ನಿನ ಹೊಟ್ಟೆಯೊಳಗೆ ನೀರು ಕಾಯಿಸುವ ಹೀಟರ್ ಇದೆ, ಬಿಸಿನೀರಿನ ಕ್ರಮ ಆರಿಸಿದಾಗ ನೀರು ತುಂಬಿದ ಮೇಲಷ್ಟೇ ಅದು ಹೊತ್ತಿಕೊಳ್ಳುತ್ತದೆ. ಆ ಮನೆಯಲ್ಲಿ ಕೆಲವು ದಿನ ಬಿಸಿನೀರಿನಲ್ಲಿ, ಕೆಲವು ದಿನ ತಣ್ಣೀರಿನಲ್ಲಿ ಬಟ್ಟೆ ಒಗೆಯುತ್ತಿದ್ದರು. ಎಂಸಿಬಿ ಬೀಳುತ್ತಿದ್ದುದೂ ಕೆಲವು ದಿನ ಮಾತ್ರ.

ನಾಲ್ಕನ್ನೂ ತಳದ ಅಂಕಿಯೊಂದಿಗೆ ಕೂಡಿದರೆ 23.3 ಆಗುತ್ತದೆ. ನಿಜವಾಗಿ ಎಲ್ಲವನ್ನೂ ಒಟ್ಟಿಗೆ ಹಾಕಿ ನೋಡಿದಾಗ ಬಂದದ್ದು 23.0. ಈ 0.3 ಎಲ್ಲಿ ಹೋಯಿತೆಂದು ಮನೆಯ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಹೀಟರಿನ ಕರೆಂಟ್ ವೋಲ್ಟೇಜಿನ ಜೊತೆಜೊತೆಗೇ ಏರಿಳಿಯುತ್ತದೆ, ಫ್ರಿಜ್ಜಿನ ಮೋಟಾರಿನ ಕರೆಂಟ್ ತುಸು ಹಿಂದೆ ಬೀಳುತ್ತದೆ. ಇಬ್ಬರು ಬೇರೆಬೇರೆ ಹೊತ್ತಿನಲ್ಲಿ ಹಗ್ಗ ಎಳೆದಂತೆ; ಇಬ್ಬರ ಬಲವೂ ಪೂರ್ತಿ ಕೂಡುವುದಿಲ್ಲ. ಆದ್ದರಿಂದ ವ್ಯತ್ಯಾಸದ ಲೆಕ್ಕದಲ್ಲಿ ಮೋಟಾರುಗಳ ಪಾಲನ್ನು ಅಳೆಯುವಾಗ ದೊಡ್ಡ ಹೀಟರುಗಳನ್ನು ಆರಿಸಿಟ್ಟುಕೊಳ್ಳಬೇಕು. ಗೀಸರ್ ಹೊತ್ತಿಕೊಂಡಿರುವಾಗ ಫ್ರಿಜ್ಜನ್ನು ಅಳೆದಿದ್ದರೆ 0.9ರ ಬದಲು 0.6 ಎಂದು ಬರೆದುಕೊಳ್ಳುತ್ತಿದ್ದೆವು.

16ರ ಎಂಸಿಬಿಗೆ 23 ಆಂಪಿಯರ್ ಎಂದರೆ 1.44 ಪಟ್ಟು. ಮನೆಬಳಕೆಯ ಎಂಸಿಬಿಗಳಿಗೆ ಇರುವ ನಿಯಮದಂತೆ 1.13 ಪಟ್ಟಿನವರೆಗೆ ಅದು ಒಂದು ಗಂಟೆಯ ಮಟ್ಟಿಗಾದರೂ ತಡೆದುಕೊಳ್ಳಬೇಕು, 1.45 ಪಟ್ಟಾದರೆ ಗಂಟೆಯೊಳಗೆ ಬೀಳಲೇಬೇಕು. ಎರಡರ ನಡುವೆ ಅದು ಬೀಳಲೂಬಹುದು, ಬೀಳದಿರಲೂಬಹುದು. ಬೋರ್ಡ್ ಆಗಲೇ ಬೆಚ್ಚಗಾಗಿದ್ದರೆ ಬೇಗ ಬೀಳುತ್ತದೆ. ಇಸ್ತ್ರಿಪೆಟ್ಟಿಗೆ ತಾನಾಗಿ ಆರಿ ಹತ್ತುತ್ತಿದ್ದರೆ ಎಂಸಿಬಿಗೆ ಆಗಾಗ ಉಸಿರಾಡಲು ಬಿಡುವು ಸಿಗುತ್ತದೆ. ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್ ಸರ್ಕ್ಯೂಟ್ ಅಥವಾ ಮೋಟಾರಿನ ಶುರುವಿನ ಸೆಳೆತವನ್ನು ಸಂಶಯಿಸಬೇಕು, ಹತ್ತಿಪ್ಪತ್ತು ನಿಮಿಷ ಕಳೆದು ಬಿದ್ದರೆ ಹೊರೆ ಹೆಚ್ಚಾಗಿದೆ ಎಂದು. ಈ ಮನೆಯದು ಎರಡನೆಯ ಬಗೆ.

ಯಾವ ಹೊತ್ತಿನಲ್ಲಿ ಅಳೆದಿರಿ ಎಂಬುದು ಮುಖ್ಯ

ವಾಷಿಂಗ್ ಮೆಷಿನ್ ಕಲಿಸಿದ ಪಾಠ ಬಹುತೇಕ ಎಲ್ಲ ಉಪಕರಣಗಳಿಗೂ ಅನ್ವಯಿಸುತ್ತದೆ. ಗೀಸರಿನ ನೀರು ಆಗಲೇ ಕಾದಿದ್ದರೆ ಥರ್ಮೋಸ್ಟಾಟ್ ಕಡಿದುಕೊಂಡು ಕರೆಂಟ್ ಸೊನ್ನೆಯಾಗಿರುತ್ತದೆ. ಒಂದಿಷ್ಟು ಬಿಸಿನೀರು ಹರಿಯಬಿಟ್ಟು, ದೀಪ ಹೊತ್ತಿದ ಮೇಲೆ ಓದಿ. ಇನ್ವರ್ಟರ್ ಎ.ಸಿ. ಹಾಕಿದ ಹೊಸತರಲ್ಲಿ ಪೂರ್ತಿ ಎಳೆದು, ಕೋಣೆ ತಣ್ಣಗಾದ ಮೇಲೆ ಅದರ ಸಣ್ಣ ಪಾಲಿಗೆ ಇಳಿಯುತ್ತದೆ. ಇಂಡಕ್ಷನ್ ಒಲೆಯನ್ನು ಕಡಿಮೆ ಉರಿಗೆ ಇಟ್ಟರೆ ಕೆಲವು ಮಾದರಿಗಳು ನಿಜವಾಗಿ ಉರಿ ತಗ್ಗಿಸದೆ, ಕೆಲವು ಸೆಕೆಂಡು ಹೊತ್ತಿ ಕೆಲವು ಸೆಕೆಂಡು ಆರುತ್ತವೆ. ಮೀಟರ್ ಎಂಟಕ್ಕೂ ಸೊನ್ನೆಗೂ ನಡುವೆ ಜೀಕುತ್ತಿರುತ್ತದೆ. ಅದು ಮೀಟರಿನ ದೋಷವಲ್ಲ.

ಮೋಟಾರುಗಳದು ಬೇರೆ ಕಥೆ. ನಿಂತ ಮೋಟಾರ್ ತಿರುಗಲು ಶುರುಮಾಡುವಾಗ, ಓಡುವ ಕರೆಂಟಿನ ಐದಾರು ಪಟ್ಟು ಅಥವಾ ಇನ್ನೂ ಹೆಚ್ಚು ಸೆಳೆಯುತ್ತದೆ, ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಸಾದಾ ರೀಡಿಂಗಿನಲ್ಲಿ ಅದು ಕಣ್ಣಿಗೆ ಬೀಳುವ ಮೊದಲೇ ಮಾಯವಾಗುತ್ತದೆ. ಮ್ಯಾಕ್ಸ್ ಗುಂಡಿಗೂ ಎಲ್ಲ ಮೀಟರುಗಳಲ್ಲಿ ಅಷ್ಟು ಚುರುಕಿಲ್ಲ. ಇನ್‌ರಶ್ ಎಂಬ ಗುಂಡಿಯಿದ್ದರೆ ಅದನ್ನು ಒತ್ತಿ, ಆಮೇಲೆ ಪಂಪ್ ಹಾಕಿ. ಯಾವುದು ಹೆಚ್ಚು ಎಳೆಯುತ್ತದೆ ಎಂಬ ನಮ್ಮ ಪ್ರಶ್ನೆಗೆ ಬೇಕಾದದ್ದು ಮಾತ್ರ ಓಡುವ ಕರೆಂಟು. ಅದನ್ನು ಮೋಟಾರಿನ ಮೇಲಿನ ಫಲಕದಲ್ಲಿ ಬರೆದ ಆಂಪಿಯರಿಗೆ ಹೋಲಿಸಿ ನೋಡಿ. ಫಲಕದ ಅಂಕಿಗಿಂತ ಗಣನೀಯವಾಗಿ ಹೆಚ್ಚು ಎಳೆಯುತ್ತಿದ್ದರೆ ಬೇರಿಂಗ್ ಬಿಗಿಯಾಗಿರಬಹುದು, ಕೆಪಾಸಿಟರ್ ಸೋತಿರಬಹುದು, ಇಲ್ಲವೇ ಪಂಪಿನೊಳಗೆ ಏನಾದರೂ ಸಿಕ್ಕಿಕೊಂಡಿರಬಹುದು.

ಹೀಟರಿನ ಅಂಕಿ ಫಲಕಕ್ಕಿಂತ ಕಡಿಮೆ ಬಂದರೆ ಮೊದಲು ವೋಲ್ಟೇಜ್ ನೋಡಿ. 230 ವೋಲ್ಟಿಗೆ 8.7 ಎಳೆಯುವ ಗೀಸರ್, ವೋಲ್ಟೇಜ್ 208ಕ್ಕೆ ಇಳಿದಾಗ 7.9 ಮಾತ್ರ ಎಳೆಯುತ್ತದೆ. ಟಿವಿ, ಕಂಪ್ಯೂಟರ್ ಮುಂತಾದವು ಇದಕ್ಕೆ ತದ್ವಿರುದ್ಧ: ವೋಲ್ಟೇಜ್ ಇಳಿದರೆ ಅವು ಕರೆಂಟನ್ನು ಹೆಚ್ಚಿಸಿಕೊಂಡು ತಮ್ಮ ಪಾಲಿನ ಶಕ್ತಿಯನ್ನು ಪಡೆದೇ ತೀರುತ್ತವೆ.

ಸಣ್ಣ ಕರೆಂಟಿನಲ್ಲಿ ಮೀಟರನ್ನು ಎಷ್ಟು ನಂಬಬೇಕು

ಮೀಟರಿನ ಕೈಪಿಡಿಯಲ್ಲಿ ನಿಖರತೆಯನ್ನು ಎರಡು ತುಂಡುಗಳಲ್ಲಿ ಬರೆದಿರುತ್ತಾರೆ. ಉದಾಹರಣೆಗೆ ಶೇಕಡಾ 2 ಮತ್ತು 5 ಅಂಕಿ. ಮೊದಲನೆಯದು ರೀಡಿಂಗಿನ ಶೇಕಡಾವಾರು ತಪ್ಪು. ಎರಡನೆಯದು ಪರದೆಯ ಕೊನೆಯ ಸ್ಥಾನದಲ್ಲಿ ಆಗಬಹುದಾದ ತಪ್ಪು, ಅಂದರೆ ಎರಡು ದಶಮಾಂಶ ತೋರಿಸುವ ಮೀಟರಿನಲ್ಲಿ 0.05 ಆಂಪಿಯರ್. ಗೀಸರಿನ 8.70ರಲ್ಲಿ ಎರಡೂ ಸೇರಿದ ತಪ್ಪು 0.22ರಷ್ಟು, ಯಾರಿಗೂ ತೊಂದರೆಯಿಲ್ಲ. ಫ್ಯಾನಿನ 0.30ರಲ್ಲಿ ಅದೇ ಮೀಟರ್ 0.24ರಿಂದ 0.36ರವರೆಗೆ ಏನು ತೋರಿಸಿದರೂ ತನ್ನ ಮಾತಿಗೆ ತಪ್ಪಿದಂತಾಗುವುದಿಲ್ಲ. ಒಂದೇ ದಶಮಾಂಶ ತೋರಿಸುವ ಮೀಟರ್ ಕೈಯಲ್ಲಿದ್ದರೆ ಫ್ಯಾನಿನ ಲೆಕ್ಕವನ್ನು ಕೈಬಿಡುವುದೇ ವಾಸಿ.

ಅಥವಾ ತಂತಿಯನ್ನು ಸುತ್ತಿ. ಸ್ಪ್ಲಿಟರಿನ ಹತ್ತು ಪಟ್ಟಿನ ಕಿಂಡಿಯ ಗುಟ್ಟು ಇದೇ. ಬಿಡಿಸಿದ ಫೇಸ್ ತಂತಿ ಸಾಕಷ್ಟು ಉದ್ದವಿದ್ದರೆ ಅದನ್ನು ದವಡೆಯೊಳಗಿಂದ ಒಂದೇ ದಿಕ್ಕಿನಲ್ಲಿ ಐದು ಸಲ ಹಾಯಿಸಿ. ಮೀಟರಿಗೆ ಐದು ಪಟ್ಟು ಕರೆಂಟ್ ಕಾಣುತ್ತದೆ. 1.50 ಎಂದು ಬಂದರೆ ಐದರಿಂದ ಭಾಗಿಸಿ: 0.30. ಈಗ ಕೊನೆಯ ಸ್ಥಾನದ ತಪ್ಪೂ ಐದನೆಯ ಒಂದು ಭಾಗಕ್ಕೆ ಇಳಿಯಿತು. ಎಣಿಸಬೇಕಾದದ್ದು ದವಡೆಯ ಒಳಗೆ ತಂತಿ ಎಷ್ಟು ಸಲ ಹಾದಿದೆ ಎಂಬುದನ್ನು; ಹೊರಗಿನ ಸುತ್ತುಗಳನ್ನು ಎಣಿಸಿ ಮೋಸಹೋಗುವವರಿದ್ದಾರೆ. ಇದಕ್ಕೆ ಬೇಕಾಗುವಷ್ಟು ಉದ್ದಕ್ಕೆ ಹೊರಹೊದಿಕೆ ಸೀಳುವುದು ನನಗಂತೂ ಒಪ್ಪಿಗೆಯಿಲ್ಲ, ಆದ್ದರಿಂದಲೇ ಸ್ಪ್ಲಿಟರ್ ಕೊಳ್ಳಿ ಎಂದದ್ದು.

ಇನ್ನೊಂದು ಮಾತು ಟ್ರೂ ಆರ್‌ಎಂಎಸ್ ಎಂಬ ಬರಹದ ಬಗ್ಗೆ. ಗೀಸರಿನ ಕರೆಂಟ್ ನುಣುಪಾದ ಅಲೆ. ಎಲ್ಇಡಿ ದೀಪ, ಟಿವಿ, ಕಂಪ್ಯೂಟರುಗಳದು ಹಾಗಲ್ಲ, ಅಲೆಯ ತುದಿಯಲ್ಲಿ ಮಾತ್ರ ಗಬಕ್ಕನೆ ಕಚ್ಚಿ ಬಿಡುವ ಕರೆಂಟು. ಟ್ರೂ ಆರ್‌ಎಂಎಸ್ ಇಲ್ಲದ ಮೀಟರುಗಳು ಅಲೆ ನುಣುಪಾಗಿದೆ ಎಂದು ನಂಬಿಕೊಂಡು ಲೆಕ್ಕ ಹಾಕುತ್ತವೆ, ಇಂಥ ಕಡೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತವೆ. ದೊಡ್ಡ ಹೀಟರುಗಳನ್ನು ಹುಡುಕಲು ಯಾವ ಮೀಟರಾದರೂ ನಡೆಯುತ್ತದೆ. ಇನ್ವರ್ಟರ್ ಎ.ಸಿ., ಇಂಡಕ್ಷನ್ ಒಲೆಗಳನ್ನು ಹೋಲಿಸಬೇಕಾದರೆ ಟ್ರೂ ಆರ್‌ಎಂಎಸ್ ಇರುವುದೇ ಬೇಕು.

ಹೆಚ್ಚು ಆಂಪಿಯರ್ ಎಂದರೆ ಹೆಚ್ಚು ಬಿಲ್ ಎಂದಲ್ಲ

ಆಂಪಿಯರನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ ಎನ್ನುವುದು ಗೀಸರ್, ಇಸ್ತ್ರಿಪೆಟ್ಟಿಗೆಗಳ ಮಟ್ಟಿಗೆ ನಿಜ. ಮೋಟಾರಿನಲ್ಲಿ ಕರೆಂಟಿನ ಒಂದು ಭಾಗ ಕೆಲಸ ಮಾಡದೆ ಹೋಗಿ ಬಂದು ಮಾಡುತ್ತಿರುತ್ತದೆ. ಮೇಲೆ ಹೇಳಿದ ಮನೆಯ ಫ್ರಿಜ್ 0.9 ಆಂಪಿಯರ್ ಎಳೆಯುತ್ತಿತ್ತು. 230ರಿಂದ ಗುಣಿಸಿದರೆ 207. ಆದರೆ ಅದು ನಿಜವಾಗಿ ಉಣ್ಣುತ್ತಿದ್ದುದು 135 ವ್ಯಾಟ್. ಇದನ್ನು ಕ್ಲ್ಯಾಂಪ್ ಮೀಟರ್ ಹೇಳಲಾರದು.

ನಮಗೆ ಹೇಳಿದ್ದು ಗೋಡೆಯ ಮೇಲಿನ ವಿದ್ಯುತ್ ಮೀಟರ್. ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಮಿಟುಕುವ ಒಂದು ಸಣ್ಣ ದೀಪವೂ, ಒಂದು ಯೂನಿಟ್ಟಿಗೆ ಎಷ್ಟು ಮಿಟುಕು ಎಂಬ ಅಂಕಿಯೂ ಇರುತ್ತವೆ. ಆ ಮನೆಯಲ್ಲಿ ಅದು 3200 ಇತ್ತು. ಅಂದರೆ ಒಂದು ಮಿಟುಕಿನಿಂದ ಮುಂದಿನ ಮಿಟುಕಿಗೆ ಎಷ್ಟು ಸೆಕೆಂಡು ಹಿಡಿಯುತ್ತದೋ ಅದರಿಂದ 1125ನ್ನು ಭಾಗಿಸಿದರೆ ವ್ಯಾಟ್ ಸಿಗುತ್ತದೆ. ನಿಮ್ಮ ಮೀಟರಿನ ಅಂಕಿ ಬೇರೆಯಾಗಿದ್ದರೆ 1125ರ ಜಾಗಕ್ಕೆ, 36,00,000ವನ್ನು ಆ ಅಂಕಿಯಿಂದ ಭಾಗಿಸಿ ಬಂದದ್ದನ್ನು ಇಟ್ಟುಕೊಳ್ಳಿ. ಉಳಿದೆಲ್ಲವನ್ನೂ ಆರಿಸಿ ಫ್ರಿಜ್ ಮಾತ್ರ ಓಡಲು ಬಿಟ್ಟು ಹತ್ತು ಮಿಟುಕು ಎಣಿಸಿದೆವು. 83 ಸೆಕೆಂಡು ಹಿಡಿಯಿತು. ಒಂದಕ್ಕೆ 8.3 ಸೆಕೆಂಡು, ಆದ್ದರಿಂದ 135 ವ್ಯಾಟ್. ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಕು.

ಆಮೇಲೆ ಹೊತ್ತಿನ ಲೆಕ್ಕ ಬರುತ್ತದೆ. ಗೀಸರ್ 8.6 ಆಂಪಿಯರ್ ಎಳೆದರೂ ದಿನಕ್ಕೆ 25 ನಿಮಿಷ ಮಾತ್ರ ಹೊತ್ತುತ್ತಿತ್ತು: ಸುಮಾರು 0.8 ಯೂನಿಟ್. ಮೆಷಿನ್ನಿನ ಹೀಟರ್ ಒಂದು ಸಲಕ್ಕೆ 20 ನಿಮಿಷ: 0.7 ಯೂನಿಟ್. ಫ್ರಿಜ್ಜಿನ ಮೋಟಾರ್ ಹತ್ತಿ ಆರುತ್ತ ದಿನಕ್ಕೆ ಒಟ್ಟು ಹತ್ತು ಗಂಟೆ ಓಡುತ್ತಿತ್ತು: 1.35 ಯೂನಿಟ್. ಕರೆಂಟಿನ ಪಟ್ಟಿಯಲ್ಲಿ ಕೊನೆಯಲ್ಲಿದ್ದ ಫ್ರಿಜ್ ಯೂನಿಟ್ಟಿನ ಪಟ್ಟಿಯಲ್ಲಿ ಮೊದಲಾಯಿತು. ಎಂಸಿಬಿ ಬೀಳುತ್ತಿರುವುದು, ಸಾಕೆಟ್ ಬಿಸಿಯಾಗುವುದು, ದೀಪ ಮಂಕಾಗುವುದು ನಿಮ್ಮ ಚಿಂತೆಯಾದರೆ ಆಂಪಿಯರಿನ ಪಟ್ಟಿ ನೋಡಿ. ಬಿಲ್ಲಿನ ಚಿಂತೆಯಾದರೆ ಎರಡನೆಯ ಪಟ್ಟಿ ಬೇಕು.

ಆ ಮನೆಯವರು ಗೀಸರನ್ನೂ ಬದಲಿಸಲಿಲ್ಲ, ಎಂಸಿಬಿಯನ್ನೂ ಬದಲಿಸಲಿಲ್ಲ. ಎಲ್ಲರ ಸ್ನಾನ ಮುಗಿದು ಗೀಸರ್ ಆರಿಸಿದ ಮೇಲೆಯೇ ಮೆಷಿನ್ ಹಾಕುವುದೆಂದು ತೀರ್ಮಾನಿಸಿದರು. ಎಲೆಕ್ಟ್ರಿಷಿಯನ್ ಮರುದಿನ ಬೆಳಿಗ್ಗೆ ಬಂದಾಗ ಮತ್ತೊಮ್ಮೆ ಮ್ಯಾಕ್ಸ್ ಗುಂಡಿ ಒತ್ತಿ ನೋಡಿದೆವು. ಬಿಸಿನೀರಿನ ಒಗೆತ, ಇಸ್ತ್ರಿ, ಫ್ರಿಜ್ ಮೂರೂ ಒಟ್ಟಿಗೆ ನಡೆದಾಗ ಹಿಡಿದಿಟ್ಟ ಅಂಕಿ 14.4.